ಹುದ್ದೆ ರದ್ದಾದ ಮೇಲೆ ಪರಿಹಾರದ ಮೊತ್ತವನ್ನು ಪತ್ರದಲ್ಲೇ ಮಾತಾಡಿ ಮುಗಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂದೆ ನಾನು ಕಂಪನಿಯ ಕಡೆ ಕೂತು ಇಂಥ ಪತ್ರಗಳನ್ನು ಬರೆಯುತ್ತಿದ್ದೆ. ಈಗ ಕಾರವಾರದಲ್ಲಿ ಪಿಎಫ್, ಗ್ರಾಚ್ಯುಟಿ ಲೆಕ್ಕದ ಕೆಲಸ. ಕುಮಟಾ, ಹೊನ್ನಾವರ, ಶಿರಸಿಯಿಂದ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಒಂದೇ ಕಡೆ ಬರೆದಿಟ್ಟಿದ್ದೇನೆ. ಉದ್ದಕ್ಕೂ ಒಬ್ಬರದೇ ಕಥೆ ಬರುತ್ತದೆ. ಅವರನ್ನು ಅಂಕೋಲೆಯ ಅಕ್ಕ ಅಂತ ಕರೆಯೋಣ. ಕಾರವಾರ ಬಂದರಿನ ಹತ್ತಿರ ಸರಕು ಸಾಗಣೆಯ ಕಂಪನಿಯೊಂದರ ಶಾಖೆಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

"ಹುದ್ದೆ ರದ್ದಾಗಿದೆ, ರಾಜೀನಾಮೆ ಬರೆದುಕೊಡಿ, ಚೆನ್ನಾಗಿ ಕಳಿಸಿಕೊಡ್ತೀವಿ" ಅಂತಾರೆ. ಬರೆದುಕೊಡಬಹುದಾ?

ಬರೆದುಕೊಡಬೇಡಿ. ಕಡೇಪಕ್ಷ ಅವತ್ತೇ ಬರೆದುಕೊಡಬೇಡಿ.

ಅಕ್ಕನನ್ನು 2026ರ ಜನವರಿ 5ರಂದು ಕರೆದು ಹೀಗೇ ಹೇಳಿದರು. ಕಾಗದಪತ್ರದ ಕೆಲಸವೆಲ್ಲ ಇನ್ನು ಮಂಗಳೂರಿನಲ್ಲೇ ನಡೆಯುತ್ತದೆ, ಇಲ್ಲಿನ ಹುದ್ದೆ ಇರುವುದಿಲ್ಲ, ತಿಂಗಳ ಕೊನೆಯೇ ಕೊನೆ ದಿನ ಅಂತ. ಜೊತೆಗೆ ಒಂದು ಹಾಳೆ ಮುಂದಿಟ್ಟರು. ಅದರಲ್ಲಿ "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ" ಅಂತ ಮೊದಲೇ ಅಚ್ಚಾಗಿತ್ತು. ಒಂದು ತಿಂಗಳ ಸಂಬಳ 42,000, ಮೇಲೆ ಎಕ್ಸ್‌ಗ್ರೇಷಿಯಾ, ಅಂದರೆ ಕಂಪನಿ ತಾನಾಗಿ ಕೊಡುವ ಹಣ, ಅಂತ 1,50,000, "ಎಲ್ಲಾ ಸೇರಿ". ಒಟ್ಟು 1,92,000. ಸಹಿ ಅವತ್ತೇ ಬೇಕು.

ಆ ಹಾಳೆಯ ಹಿಂದೆ ಒಂದು ಲೆಕ್ಕವಿದೆ. ಕಂಪನಿ ನಿಮ್ಮನ್ನು ತೆಗೆದರೆ ಕಾನೂನಿನಲ್ಲಿ ಅದಕ್ಕೆ ರಿಟ್ರೆಂಚ್‌ಮೆಂಟ್ ಅನ್ನುತ್ತಾರೆ. ಆಗ ಪರಿಹಾರ ಕೊಡಲೇಬೇಕು. ನೀವಾಗಿ ಬಿಟ್ಟರೆ ಅದು ರಾಜೀನಾಮೆ, ಆ ಪರಿಹಾರದ ಮಾತೇ ಇಲ್ಲ. ಅಂದರೆ "ರಾಜೀನಾಮೆ" ಅನ್ನುವ ಒಂದೇ ಪದ ಅಕ್ಕನ ಮಟ್ಟಿಗೆ ಲಕ್ಷಕ್ಕೂ ಜಾಸ್ತಿ ಬೆಲೆಯದ್ದು. ಕೆಲವು ಕಡೆ ಎಚ್‌ಆರ್‌ನವರು "ತೆಗೆದರು ಅಂತ ಇದ್ದರೆ ಮುಂದಿನ ಕೆಲಸಕ್ಕೆ ತೊಂದರೆ" ಅನ್ನುತ್ತಾರೆ. ಪತ್ರದಲ್ಲಿ "ಹುದ್ದೆ ರದ್ದಾದ ಕಾರಣ" ಅಂತ ಇದ್ದರೆ ಅದು ನಿಮ್ಮ ತಪ್ಪು ಅಂತ ಯಾರೂ ಓದುವುದಿಲ್ಲ. ನಾನೇ ಆ ಕುರ್ಚಿಯಲ್ಲಿ ಕೂತು ಎಷ್ಟೋ ಅರ್ಜಿ ನೋಡಿದ್ದೇನೆ.

ಆ ಕ್ಷಣಕ್ಕೆ ಹೇಳಬೇಕಾದ್ದು ಇಷ್ಟೇ: "ಸರ್, ಇದನ್ನು ಮನೆಗೆ ತಗೊಂಡು ಹೋಗಿ ಓದಿ, ಮೇಲ್‌ನಲ್ಲಿ ಉತ್ತರ ಕೊಡ್ತೇನೆ." ಅಕ್ಕ ಅಷ್ಟೇ ಹೇಳಿ ಎದ್ದು ಬಂದರು.

ಫೋನಲ್ಲೇ ಮಾತಾಡಿ ಮುಗಿಸಿದರೆ ಏನು ತಪ್ಪು? ಪತ್ರ ಬರೆದರೆ ಜಗಳ ಅಂದುಕೊಳ್ಳಲ್ವಾ?

ಫೋನಲ್ಲಿ ಮಾತಾಡಿ, ಅಡ್ಡಿ ಇಲ್ಲ. ಆದರೆ ಫೋನ್ ಇಟ್ಟ ಹತ್ತು ನಿಮಿಷದಲ್ಲಿ ನಾಲ್ಕು ಸಾಲಿನ ಮೇಲ್ ಹೋಗಬೇಕು: "ಈಗಷ್ಟೇ ಮಾತಾಡಿದ ಹಾಗೆ, ನನ್ನ ಹುದ್ದೆ ಜನವರಿ 31ಕ್ಕೆ ರದ್ದಾಗುತ್ತದೆ ಅಂತ ತಾವು ತಿಳಿಸಿದಿರಿ. ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ದಯವಿಟ್ಟು ತಿದ್ದಿ." ಅವರು ತಿದ್ದದೇ ಇದ್ದರೆ ಆ ಮೇಲ್ ನಿಮ್ಮ ಕಡೆಯ ದಾಖಲೆ. ಇದರಲ್ಲಿ ಜಗಳದ ಧಾಟಿ ಎಲ್ಲೂ ಇಲ್ಲ, ನೋಡಿ.

ಇನ್ನೊಂದು ವಿಷಯ. ಕಂಪನಿಯ ಮೇಲ್ ಐಡಿ ಯಾವ ಗಳಿಗೆಯಲ್ಲಾದರೂ ಬಂದ್ ಆಗಬಹುದು. ಆದ್ದರಿಂದ ನಿಮ್ಮ ಸ್ವಂತ ಐಡಿಯಿಂದ ಬರೆಯಿರಿ. ನೇಮಕಾತಿ ಪತ್ರ, ಸಂಬಳ ಏರಿಸಿದ ಪತ್ರಗಳು, ಕೊನೆ ಮೂರು ತಿಂಗಳ ಸ್ಯಾಲರಿ ಸ್ಲಿಪ್, ರಜೆ ಎಷ್ಟು ಉಳಿದಿದೆ ಅನ್ನುವ ಪುಟ, ಇವಿಷ್ಟನ್ನು ಮೊದಲ ದಿನವೇ ಇಳಿಸಿಕೊಳ್ಳಿ. ಗಿರಾಕಿಗಳ ಪಟ್ಟಿ, ದರಪಟ್ಟಿ ಮುಟ್ಟಬೇಡಿ. ಅದನ್ನು ಕಳಿಸಿಕೊಂಡರೆ ಕಂಪನಿಯ ಕೈಗೆ ನೀವೇ ಕೋಲು ಕೊಟ್ಟ ಹಾಗೆ. ಕೆಲಸಕ್ಕೆ ಸೇರಿದ ತಾರೀಖಿನ ಬಗ್ಗೆ ತಕರಾರು ಬಂದರೆ ಪಿಎಫ್ ಪಾಸ್‌ಬುಕ್ ಸಾಕ್ಷಿ. ಅದರಲ್ಲಿ ಮೊದಲ ಕಂತಿನ ತಿಂಗಳು ಇರುತ್ತದೆ.

ನನ್ನ ಕಾರ್ಡಿನಲ್ಲಿ "ಅಸಿಸ್ಟೆಂಟ್ ಮ್ಯಾನೇಜರ್" ಅಂತಿದೆ. ನನಗೂ ಈ ಪರಿಹಾರ ಸಿಗುತ್ತಾ?

ಎಲ್ಲಾ ಮಾತುಕತೆ ನಿಲ್ಲುವುದೇ ಈ ಪ್ರಶ್ನೆಯ ಮೇಲೆ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ರಿಟ್ರೆಂಚ್‌ಮೆಂಟ್ ಪರಿಹಾರ ಕಾನೂನಿನ ಅರ್ಥದಲ್ಲಿ "ಕಾರ್ಮಿಕ" ಆದವರಿಗೆ ಸಿಗುತ್ತದೆ. ಮೊದಲು ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಕಾರ್ಮಿಕ ಅಂದರೆ ಸಿಮೆಂಟ್ ಮೂಟೆ ಹೊರುವವರು ಮಾತ್ರ ಅಲ್ಲ. ಗುಮಾಸ್ತೆ ಕೆಲಸ, ತಾಂತ್ರಿಕ ಕೆಲಸ, ಲೆಕ್ಕ ಬರೆಯುವ ಕೆಲಸ ಮಾಡುವವರೂ ಸೇರುತ್ತಾರೆ. ಇವರಿಗೆ ಸಂಬಳದ ಮಿತಿಯೂ ಇಲ್ಲ. ಹೊರಗುಳಿಯುವವರು ಎರಡು ಥರ: ನಿಜವಾಗಿ ಆಡಳಿತ ನಡೆಸುವವರು, ಮತ್ತು ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳದ ಮೇಲ್ವಿಚಾರಕರು.

ಹುದ್ದೆಯ ಹೆಸರು ಏನೇ ಇರಲಿ, ಕೋರ್ಟು ನೋಡುವುದು ದಿನವಿಡೀ ನೀವು ಮಾಡುವ ಮುಖ್ಯ ಕೆಲಸ ಏನು ಅಂತ. ನಾನು ಬಂದವರಿಗೆ ಕೇಳುವುದು ಮೂರೇ ಪ್ರಶ್ನೆ. ಯಾರ ರಜೆಗೆ ನಿಮ್ಮ ಸಹಿ ಬೇಕು? ಯಾರನ್ನಾದರೂ ಕೆಲಸಕ್ಕೆ ತಗೊಳ್ಳುವ, ತೆಗೆಯುವ ಅಧಿಕಾರ ನಿಮಗಿದೆಯಾ? ಯಾರನ್ನೂ ಕೇಳದೆ ಎಷ್ಟು ರೂಪಾಯಿ ಖರ್ಚು ಮಾಡಬಹುದು? ಅಂಕೋಲೆಯ ಅಕ್ಕನ ಉತ್ತರ: ಯಾರದ್ದೂ ಇಲ್ಲ, ಇಲ್ಲ, ಸೊನ್ನೆ. ದಿನವಿಡೀ ಶಿಪ್ಪಿಂಗ್ ಬಿಲ್ ತಯಾರಿಸುವುದು, ಕಸ್ಟಮ್ಸ್‌ಗೆ ಕಾಗದ ಹಾಕುವುದು, ಫೈಲ್ ಇಡುವುದು. "ಮ್ಯಾನೇಜರ್" ಅನ್ನುವುದು ಮೂರು ವರ್ಷದ ಹಿಂದೆ ಸಂಬಳದ ಬದಲು ಕೊಟ್ಟ ಬಿರುದು ಅಷ್ಟೇ.

ನೀವು ನಿಜವಾಗಿಯೂ ಹತ್ತು ಜನರನ್ನು ನಡೆಸುವ ಮ್ಯಾನೇಜರ್ ಆಗಿದ್ದರೆ ಈ ಪರಿಹಾರ ಕಾನೂನಿನ ಹಕ್ಕಲ್ಲ. ನಿಮ್ಮ ಕೈಯಲ್ಲಿ ಇರುವುದು ನೋಟಿಸ್ ಸಂಬಳ, ಗ್ರಾಚ್ಯುಟಿ, ರಜೆ ಹಣ. ಉಳಿದದ್ದೆಲ್ಲ ಕೇಳಿ ಪಡೆಯುವುದು. ಅಂಥವರು ಪತ್ರದಲ್ಲಿ ಕಾನೂನಿನ ದನಿ ತಗೊಳ್ಳದೆ, ಇದೇ ಕಂಪನಿ ಹಿಂದೆ ಬೇರೆಯವರಿಗೆ ಏನು ಕೊಟ್ಟಿದೆ ಅನ್ನುವುದರ ಮೇಲೆ ಮಾತಾಡಿದರೆ ಒಳ್ಳೆಯದು.

ಪರಿಹಾರದ ಲೆಕ್ಕ ಹೇಗೆ?

ಶಿರಸಿ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ ಅನ್ನುವ ಮೂರು ಥರದ ಅಡಿಕೆಯನ್ನೂ ಒಂದೇ ಚೀಲಕ್ಕೆ ಸುರಿದು ದರ ಕೇಳುವವರು ಯಾರೂ ಇಲ್ಲ. ಒಂದೊಂದಕ್ಕೆ ಒಂದೊಂದು ರಾಶಿ, ಒಂದೊಂದು ದರ. "ಎಲ್ಲಾ ಸೇರಿ 1,92,000" ಅಂದಾಗ ಕಂಪನಿ ಮಾಡಿದ್ದು ಮೂರೂ ಬೆರೆಸುವ ಕೆಲಸ. ಮೊದಲು ಬೇರೆ ಮಾಡಬೇಕು.

ಅಕ್ಕ ಸೇರಿದ್ದು 2018ರ ಜೂನ್ 1. ಕೊನೆ ದಿನ 2026ರ ಜನವರಿ 31. ಅಲ್ಲಿಗೆ 7 ವರ್ಷ 8 ತಿಂಗಳು. ಕೊನೆಯ ತುಂಡು ಆರು ತಿಂಗಳು ದಾಟಿದ್ದರಿಂದ 8 ವರ್ಷ ಅಂತ ಲೆಕ್ಕ. ಪರಿಹಾರಕ್ಕೂ ಹಾಗೇ, ಗ್ರಾಚ್ಯುಟಿಗೂ ಹಾಗೇ. ಕಂಪನಿ 7 ಅಂತ ಹಿಡಿದರೆ ಅಲ್ಲೇ ಒಂದು ವರ್ಷದ ಹಣ ಹೋಯಿತು. ಇದು ತುಂಬಾ ಕಡೆ ನಡೆಯುತ್ತದೆ, ಎಷ್ಟೋ ಸಲ ಬೇಕಂತಲೂ ಅಲ್ಲ.

ತಿಂಗಳ ಸಂಬಳ 42,000. ಅದರಲ್ಲಿ ಬೇಸಿಕ್ 16,800, ಮನೆ ಬಾಡಿಗೆ ಭತ್ಯೆ 8,400, ಓಡಾಟದ ಭತ್ಯೆ 3,000, ಸ್ಪೆಷಲ್ ಅಲೋಯನ್ಸ್ 13,800. ಕಂಪನಿಯವರು ಯಾವಾಗಲೂ ಬೇಸಿಕ್ ಮೇಲೆ ಲೆಕ್ಕ ಹಾಕುತ್ತಾರೆ. ಹೊಸ ಸಂಹಿತೆಗಳಲ್ಲಿ "ವೇತನ" ಅಂದರೆ ಯಾವುದು, ಯಾವುದು ಅಲ್ಲ ಅಂತ ಬರೆದಿದೆ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಬೋನಸ್, ಓವರ್‌ಟೈಮ್ ಇಂಥವು ಹೊರಗೆ. ಪ್ರತಿ ತಿಂಗಳೂ ತಪ್ಪದೆ ಬರುವ ಸ್ಪೆಷಲ್ ಅಲೋಯನ್ಸ್ ಆ ಹೊರಗಿನ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅಕ್ಕನ ವೇತನ 16,800 ಕೂಡಿಸು 13,800, ಅಂದರೆ 30,600. ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಆ ಜಾಸ್ತಿ ಭಾಗವೂ ವೇತನಕ್ಕೆ ಸೇರುತ್ತದೆ ಅನ್ನುವ ನಿಯಮವೂ ಇದೆ. ಅಕ್ಕನಿಗೆ ಅದು ಬೇಕಾಗಲಿಲ್ಲ. ಬೇಸಿಕ್ ತೀರಾ ಕಮ್ಮಿ ಇಟ್ಟವರಿಗೆ ಅದೇ ದೊಡ್ಡ ಆಸರೆ.

ಇನ್ನು ಒಂದೊಂದೇ ರಾಶಿ.

ರಿಟ್ರೆಂಚ್‌ಮೆಂಟ್ ಪರಿಹಾರ: ವರ್ಷಕ್ಕೆ 15 ದಿನದ ಸರಾಸರಿ ವೇತನ. ತಿಂಗಳ ಸಂಬಳದವರಿಗೆ ಇದು ಅರ್ಧ ತಿಂಗಳು. 15,300ರ ಹಾಗೆ 8 ವರ್ಷಕ್ಕೆ 1,22,400. ಬೇಸಿಕ್ ಮೇಲೆ ಹಾಕಿದ್ದರೆ ಬರೀ 67,200 ಬರುತ್ತಿತ್ತು.

ಗ್ರಾಚ್ಯುಟಿ: ಇಲ್ಲಿ ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ. 30,600ನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 8 ವರ್ಷಕ್ಕೆ 1,41,231. ಪರಿಹಾರಕ್ಕೆ 30, ಗ್ರಾಚ್ಯುಟಿಗೆ 26. ಜನ ಎರಡಕ್ಕೂ 26 ಹಾಕಿಕೊಂಡು ಬರುತ್ತಾರೆ. ಕಂಪನಿಯ ವಕೀಲರು ಅದೊಂದನ್ನೇ ಹಿಡಿದು ಇಡೀ ಲೆಕ್ಕವನ್ನು ತಳ್ಳಿಹಾಕುತ್ತಾರೆ. ಹುಷಾರು.

ನೋಟಿಸ್: ಕಾನೂನಿನಲ್ಲಿ ಒಂದು ತಿಂಗಳು, ಅದೂ ಕಾರಣ ಬರೆದ ಲಿಖಿತ ನೋಟಿಸ್. ಅಕ್ಕನ ನೇಮಕಾತಿ ಪತ್ರದಲ್ಲಿ ಎರಡು ತಿಂಗಳು ಅಂತಿತ್ತು. ಯಾವುದು ನಿಮಗೆ ಒಳ್ಳೆಯದೋ ಅದನ್ನು ಕೇಳಿ. ಎರಡು ತಿಂಗಳ ಪೂರ್ತಿ ಸಂಬಳ 84,000.

ಉಳಿದ ರಜೆ 22 ದಿನ. ಇದು ಕಂಪನಿಯ ರಜೆ ನಿಯಮದ ಮೇಲೆ ಹೋಗುತ್ತದೆ. ಅವರ ನಿಯಮದಲ್ಲಿ ಪೂರ್ತಿ ಸಂಬಳ ಭಾಗಿಸು 30 ಅಂತಿತ್ತು. 1,400ರ ಹಾಗೆ 30,800.

ನಾಲ್ಕೂ ಸೇರಿ 3,78,431. ಕಂಪನಿ ದೊಡ್ಡ ಮನಸ್ಸು ಮಾಡಿದ ಹಾಗೆ ಹೇಳಿದ 1,92,000 ಇದರ ಅರ್ಧದ ಆಸುಪಾಸು! ಜನವರಿ ತಿಂಗಳ ಸಂಬಳ ಇದರಲ್ಲಿ ಇಲ್ಲ, ಅದು ಹೇಗೂ ಬರಬೇಕು. ಇದರ ಮೇಲೆ ಹೊಸ ಸಂಹಿತೆಯಲ್ಲಿ ಮರುಕೌಶಲ ನಿಧಿ ಅಂತ ಒಂದಿದೆ. ತೆಗೆದ ಪ್ರತಿ ಕಾರ್ಮಿಕರ ಲೆಕ್ಕದಲ್ಲಿ ಕಂಪನಿ 15 ದಿನದ ವೇತನವನ್ನು ಅದಕ್ಕೆ ಕಟ್ಟಬೇಕು, ಅದು 45 ದಿನದ ಒಳಗೆ ಕಾರ್ಮಿಕರ ಖಾತೆಗೆ ಬರಬೇಕು. ಅಕ್ಕನ ಪಾಲಿಗೆ 15,300. ಇದನ್ನು ಮೊತ್ತದಲ್ಲಿ ಕೂಡಿಸದೆ ಪತ್ರದಲ್ಲಿ ಬೇರೆ ಸಾಲಾಗಿ ಕೇಳಿ.

ವರ್ಷ ತುಂಬದವರಿಗೆ, ಐದು ವರ್ಷ ಆಗದವರಿಗೆ?

ಪರಿಹಾರಕ್ಕೆ ಕಡೇಪಕ್ಷ ಒಂದು ವರ್ಷದ ಸತತ ಸೇವೆ ಬೇಕು. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷ. ನಿಗದಿತ ಅವಧಿಯ ಒಪ್ಪಂದದ ಮೇಲೆ ಇದ್ದವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು.

ಕಾನೂನಿನ ಲೆಕ್ಕದ ಮೇಲೆ ಜಾಸ್ತಿ ಕೇಳಬಹುದಾ? ಎಷ್ಟು?

ಕೇಳಬಹುದು. ಆದರೆ ಬರಬೇಕಾದ್ದನ್ನೂ ಕೇಳುವುದನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ. ಬರಬೇಕಾದ ಹಣದಲ್ಲಿ ಚೌಕಾಸಿ ಇಲ್ಲ. ಕೇಳುವ ಹಣದಲ್ಲಿ ಮಾತ್ರ ಚೌಕಾಸಿ. ಎರಡನ್ನೂ ಬೆರೆಸಿ "ಐದು ಲಕ್ಷ ಕೊಡಿ" ಅಂದರೆ ಅವರು "ಮೂರಕ್ಕೆ ಮುಗಿಸೋಣ" ಅನ್ನುತ್ತಾರೆ. ನೀವು ಗ್ರಾಚ್ಯುಟಿಯಲ್ಲೇ ಸೋಡಿ ಕೊಟ್ಟ ಹಾಗಾಯಿತು, ಅದೂ ಗೊತ್ತಿಲ್ಲದೆ.

ಅಕ್ಕ ಜಾಸ್ತಿ ಕೇಳಿದ್ದು ಎರಡು ತಿಂಗಳ ಸಂಬಳ, 84,000. ಕಾರಣ ಕೊಟ್ಟರು: ಮಂಗಳೂರಿನವರಿಗೆ ಕೆಲಸ ಹೇಳಿಕೊಡಲು ಎರಡು ಸಲ ಹೋಗಿ ಬಂದಿದ್ದಾರೆ, ಇಲ್ಲಿ ಇದೇ ಥರದ ಕೆಲಸ ಕಮ್ಮಿ. ಜೊತೆಗೆ ಹಣವಲ್ಲದ ಒಂದು ಕೇಳಿದರು: ಮನೆಯವರ ಆರೋಗ್ಯ ವಿಮೆ ಮಾರ್ಚ್ 31ರ ವರೆಗೆ ಮುಂದುವರಿಯಲಿ. ಕಂಪನಿ ವರ್ಷದ ಕಂತು ಕಟ್ಟಿಯಾಗಿತ್ತು. ಕೊಡುವವರಿಗೆ ಅಷ್ಟೇನೂ ಭಾರವಲ್ಲ, ಸಿಗುವವರಿಗೆ ದೊಡ್ಡದು. ಇಂಥದ್ದನ್ನು ಹುಡುಕಿ ಕೇಳಿ.

ಪತ್ರದಲ್ಲಿ ಏನು ಬರೆಯಬೇಕು? ಕನ್ನಡದಲ್ಲಿ ನಡೆಯುತ್ತಾ?

ಕನ್ನಡದಲ್ಲಿ ಧಾರಾಳವಾಗಿ ನಡೆಯುತ್ತದೆ, ಕಾರ್ಮಿಕ ಇಲಾಖೆಗಂತೂ ಅದೇ ಸಲೀಸು. ಹೆಡ್ ಆಫೀಸಿನವರಿಗೆ ಕನ್ನಡ ಬರದಿದ್ದರೆ ಅವರಿಗೆ ಬರುವ ಭಾಷೆಯಲ್ಲೇ ಬರೆಯಿರಿ, ಇಲ್ಲದಿದ್ದರೆ "ಅರ್ಥ ಆಗಲಿಲ್ಲ" ಅಂತ ಒಂದು ವಾರ ಎಳೆಯುತ್ತಾರೆ. ಅಕ್ಕ ಜನವರಿ 8ಕ್ಕೆ ಕಳಿಸಿದ್ದರ ಸಾರ ಇದು:

"ಮಾನ್ಯರೇ, ಜನವರಿ 5ರಂದು ನನ್ನ ಹುದ್ದೆ ರದ್ದಾಗುವ ವಿಷಯ ತಿಳಿಸಿ ರಾಜೀನಾಮೆ ಪತ್ರಕ್ಕೆ ಸಹಿ ಕೇಳಿದಿರಿ. ನಾನು ರಾಜೀನಾಮೆ ಕೊಡುತ್ತಿಲ್ಲ. ಹುದ್ದೆ ರದ್ದು ಮಾಡುವುದು ಕಂಪನಿಯ ತೀರ್ಮಾನ. ಆದ್ದರಿಂದ ಅದನ್ನು ರಿಟ್ರೆಂಚ್‌ಮೆಂಟ್ ಎಂದೇ ಕಾರಣ ಸಹಿತ ಲಿಖಿತವಾಗಿ ತಿಳಿಸಬೇಕು. ನನಗೆ ಬರಬೇಕಾದ ಮೊತ್ತದ ಲೆಕ್ಕ ಕೆಳಗಿದೆ. ಇದರಲ್ಲಿ ಯಾವ ಸಾಲು ತಪ್ಪು ಅನ್ನಿಸಿದರೂ ಆ ಸಾಲಿನ ಎದುರು ತಮ್ಮ ಲೆಕ್ಕ ತಿಳಿಸಿ. ಇದಲ್ಲದೆ, ವಿಷಯ ಸೌಹಾರ್ದದಿಂದ ಮುಗಿಯಲಿ ಎಂದು ಎರಡು ತಿಂಗಳ ಸಂಬಳವನ್ನೂ ವಿಮೆಯ ಮುಂದುವರಿಕೆಯನ್ನೂ ಕೋರುತ್ತೇನೆ. ಜನವರಿ 16ರ ಒಳಗೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ. ಅಲ್ಲಿಯವರೆಗೆ ಎಂದಿನಂತೆ ಕೆಲಸಕ್ಕೆ ಬರುತ್ತೇನೆ."

ಇದರಲ್ಲಿ ಎರಡು ಸಾಲು ಮುಖ್ಯ. "ಆ ಸಾಲಿನ ಎದುರು ತಮ್ಮ ಲೆಕ್ಕ ತಿಳಿಸಿ" ಅಂದಾಗ ಬರೀ "ನಮ್ಮ ನೀತಿಯ ಪ್ರಕಾರ" ಅಂತ ಜಾರಿಕೊಳ್ಳಲು ಆಗುವುದಿಲ್ಲ. "ಕೆಲಸಕ್ಕೆ ಬರುತ್ತೇನೆ" ಅನ್ನುವುದು ನಾಳೆ "ಅವರೇ ಬಿಟ್ಟು ಹೋದರು" ಅಂತ ಹೇಳದ ಹಾಗೆ. ಬೆದರಿಕೆ ಬೇಡ, ಕೋರ್ಟಿನ ಮಾತು ಬೇಡ. ಲೆಕ್ಕ ಸರಿ ಇದ್ದರೆ ಅವರ ವಕೀಲರೇ ಅದನ್ನು ಓದಿಕೊಳ್ಳುತ್ತಾರೆ.

ರಾಜಿಗೆ ನೀವು ಕಮ್ಮಿ ಮಾಡಿ ಹೇಳುವ ಮೊತ್ತವನ್ನು ಬೇರೆ ಮೇಲ್‌ನಲ್ಲಿ ಬರೆಯಿರಿ. ಅದರ ತಲೆಯಲ್ಲಿ "ವಿತೌಟ್ ಪ್ರಿಜುಡಿಸ್" ಅಂತ ಹಾಕಿ, ರಾಜಿ ಆಗದಿದ್ದರೆ ಇದನ್ನು ಸಾಕ್ಷಿಯಾಗಿ ಬಳಸಬಾರದು ಅಂತ ಒಂದು ಸಾಲು ಸೇರಿಸಿ. ಮೊದಲ ಪತ್ರಕ್ಕೆ ಅದು ಬೇಡ, ಅದು ಸಾಕ್ಷಿಯಾಗಬೇಕಾದ ಪತ್ರ.

"ನೀವು ಕಾರ್ಮಿಕರ ಲೆಕ್ಕಕ್ಕೆ ಬರಲ್ಲ" ಅಂತ ಉತ್ತರ ಬಂತು. ಮುಂದೆ?

ಅಕ್ಕನಿಗೂ 16ಕ್ಕೆ ಅದೇ ಬಂತು. ಮೂರು ತಕರಾರು: ನೀವು ಅಸಿಸ್ಟೆಂಟ್ ಮ್ಯಾನೇಜರ್, ಪರಿಹಾರ ಇಲ್ಲ. ಗ್ರಾಚ್ಯುಟಿ ಬೇಸಿಕ್ ಮೇಲೆ 77,538. ನೋಟಿಸ್ ಜನವರಿ 5ರಿಂದಲೇ ಶುರುವಾಗಿದೆ, 26 ದಿನ ಕಳೆಯಬೇಕು.

19ಕ್ಕೆ ಅಕ್ಕ ಮೂರಕ್ಕೂ ಒಂದೊಂದು ಪ್ಯಾರಾ ಬರೆದರು. ಮೊದಲನೆಯದಕ್ಕೆ, ಒಂದು ಸಾಮಾನ್ಯ ದಿನದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಮಾಡುವ ಕೆಲಸವನ್ನು ಬರೆದು, ತನ್ನ ಕೈಕೆಳಗೆ ಯಾರೂ ಇಲ್ಲ, ತನ್ನ ರಜೆಗೂ ಶಾಖಾ ಮ್ಯಾನೇಜರ್ ಸಹಿ ಬೇಕು ಅಂತ ತಿಳಿಸಿ, ಆ ರಜೆ ಮೇಲ್‌ಗಳನ್ನು ಲಗತ್ತಿಸಿದರು. ಎರಡನೆಯದಕ್ಕೆ, ಸ್ಪೆಷಲ್ ಅಲೋಯನ್ಸ್ ಯಾವ ವಿನಾಯಿತಿಯ ಅಡಿ ಹೊರಗುಳಿಯುತ್ತದೆ ಅಂತ ಕೇಳಿದರು. ಉತ್ತರ ಹೇಳುವ ಕೆಲಸ ಅವರಿಗೇ ಬಿತ್ತು. ಮೂರನೆಯದಕ್ಕೆ ಒಂದೇ ಸಾಲು: ಬಾಯಲ್ಲಿ ಹೇಳಿದ್ದು ನೋಟಿಸ್ ಅಲ್ಲ, ಇವತ್ತಿನವರೆಗೂ ನನ್ನ ಕೈಗೆ ಕಾಗದ ಬಂದಿಲ್ಲ.

ಕೊನೆಗೆ ಕಂಪನಿ ಮಣಿಯಿತು. ಯಾಕೆ? ಕಾರ್ಮಿಕರಾದವರನ್ನು ನೋಟಿಸ್, ಪರಿಹಾರ ಕೊಡದೆ ತೆಗೆದರೆ ತೆಗೆದದ್ದೇ ಊರ್ಜಿತವಾಗುವುದಿಲ್ಲ. ಆಮೇಲೆ ವರ್ಷಗಟ್ಟಲೆ ಕೇಸು, ಸಂಬಳ ಬಾಕಿ ಸಮೇತ ಕೊಡಬೇಕಾದ ಭಯ. ಅರವತ್ತು ಸಾವಿರ ಚಿಲ್ಲರೆಯ ಬೇಸಿಕ್ ಜಗಳಕ್ಕೆ ಆ ತಲೆನೋವು ಯಾವ ಲೆಕ್ಕದ ವಿಭಾಗಕ್ಕೂ ಬೇಡ. ನಾನು ಆ ಕಡೆ ಇದ್ದಾಗಲೂ ಅದೇ ಸಲಹೆ ಕೊಡುತ್ತಿದ್ದೆ.

ಜನವರಿ 27ಕ್ಕೆ ಒಪ್ಪಂದ ಆಯಿತು. ನಾಲ್ಕು ಸಾಲೂ ಅಕ್ಕನ ಲೆಕ್ಕದಂತೆ, 3,78,431. ಜಾಸ್ತಿ ಕೇಳಿದ 84,000ರಲ್ಲಿ 25,000. ವಿಮೆ ಮಾರ್ಚ್ 31ರ ವರೆಗೆ. ಒಟ್ಟು 4,03,431. ಕಾರ್ಮಿಕರು ಹೌದೋ ಅಲ್ಲವೋ ಅನ್ನುವುದನ್ನು ಕಂಪನಿ ಒಪ್ಪಿ ಬರೆಯಲಿಲ್ಲ. ಆದರೆ ಪತ್ರದಲ್ಲಿ "ಹುದ್ದೆ ರದ್ದಾದ ಕಾರಣ ರಿಟ್ರೆಂಚ್‌ಮೆಂಟ್" ಅಂತ ಬರೆಯಲು ಒಪ್ಪಿತು. ಅಕ್ಕನಿಗೆ ಅಷ್ಟು ಸಾಕಿತ್ತು.

ಮಂಗಳೂರಿಗೋ ಹುಬ್ಬಳ್ಳಿಗೋ ಬನ್ನಿ, ಕೆಲಸ ಇದೆ ಅಂದರೆ?

ನೇಮಕಾತಿ ಪತ್ರ ತೆಗೆದು ನೋಡಿ. ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದು ಅಂತ ಬರೆದಿದ್ದರೆ ಸುಮ್ನೆ "ಬರಲ್ಲ" ಅನ್ನಬೇಡಿ, ಅದು ನಿಮ್ಮ ಪರಿಹಾರದ ದಾರಿಗೇ ಅಡ್ಡ ಬರುತ್ತದೆ. ಯಾವ ಹುದ್ದೆ, ಎಷ್ಟು ಸಂಬಳ, ಯಾವತ್ತಿನಿಂದ, ಸಾಮಾನು ಸಾಗಿಸುವ ಖರ್ಚು ಯಾರದ್ದು ಅಂತ ಲಿಖಿತವಾಗಿ ಕೇಳಿ. ನಿಜವಾದ ಹುದ್ದೆ ಇದ್ದರೆ ಉತ್ತರ ಬರುತ್ತದೆ. ಹೆದರಿಸಲು ಹೇಳಿದ್ದಾದರೆ ಅಲ್ಲಿಗೇ ಮೌನ.

ಸಹಿ ಹಾಕುವ ಮುಂಚೆ ಒಪ್ಪಂದದಲ್ಲಿ ಏನು ನೋಡಬೇಕು?

ಮೊದಲು, ಸಹಿ ಮತ್ತು ಹಣದ ಸರದಿ. ಬಹಳಷ್ಟು ಕರಡುಗಳಲ್ಲಿ "ನನಗೆ ಬರಬೇಕಾದ್ದೆಲ್ಲ ಬಂದಿದೆ, ಇನ್ನು ಯಾವ ಬಾಕಿಯೂ ಇಲ್ಲ" ಅಂತ ಇರುತ್ತದೆ, ಹಣ ಮಾತ್ರ ಇನ್ನೂ ಬಂದಿರುವುದಿಲ್ಲ. ಅಕ್ಕ ಆ ಸಾಲನ್ನು ಹೀಗೆ ತಿದ್ದಿಸಿದರು: "ಮೇಲಿನ ಪಟ್ಟಿಯ ಪೂರ್ತಿ ಮೊತ್ತ ನನ್ನ ಖಾತೆಗೆ ಜಮಾ ಆದ ದಿನದಿಂದ ಈ ಮಾತು ಜಾರಿಗೆ ಬರುತ್ತದೆ." ಪಿಎಫ್ ಮತ್ತು ಮರುಕೌಶಲ ನಿಧಿ ಇದರಲ್ಲಿ ಸೇರಿಲ್ಲ ಅಂತಲೂ ಹಾಕಿಸಿದರು.

ತಾರೀಖು ಹಾಕಿಸಿ. ಹೊಸ ವೇತನ ಸಂಹಿತೆಯ ಪ್ರಕಾರ ತೆಗೆದ ಮೇಲೆ ವೇತನದ ಬಾಕಿ ಎರಡು ಕೆಲಸದ ದಿನದ ಒಳಗೆ ಬರಬೇಕು. ಗ್ರಾಚ್ಯುಟಿಗೆ 30 ದಿನ, ತಡವಾದರೆ ಬಡ್ಡಿ. "ಆದಷ್ಟು ಬೇಗ" ಅನ್ನುವ ಮಾತಿಗೆ ಒಪ್ಪಬೇಡಿ. ಅಕ್ಕನ ಕೊನೆ ದಿನ ಶನಿವಾರ. ಮಂಗಳವಾರ, ಫೆಬ್ರವರಿ 3ಕ್ಕೆ ಗ್ರಾಚ್ಯುಟಿ ಬಿಟ್ಟು ಉಳಿದದ್ದು ಬಂತು.

ಇನ್ನು ಮುಂದೆ ಒಂದು ವರ್ಷ ಇದೇ ಥರದ ಕಂಪನಿ ಸೇರಬಾರದು ಅನ್ನುವ ಷರತ್ತು. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಕೆಲಸ ಬಿಟ್ಟ ಮೇಲೆ ಇಂಥ ಕಟ್ಟುಪಾಡು ನಡೆಯುವುದಿಲ್ಲ. ಆದರೂ ಹೊಡೆದುಹಾಕಿಸಿ. ಇಲ್ಲದಿದ್ದರೆ ಹೊಸ ಕಂಪನಿಗೆ ಒಂದು ನೋಟಿಸ್ ಕಳಿಸಿ ಗಾಬರಿ ಹುಟ್ಟಿಸುತ್ತಾರೆ. ಕಂಪನಿಯ ಗುಟ್ಟು ಹೊರಗೆ ಹೇಳಬಾರದು ಅನ್ನುವುದು ಬೇರೆ ವಿಷಯ, ಅದು ನ್ಯಾಯವೇ.

ರಿಲೀವಿಂಗ್ ಲೆಟರಿನ ಮಾತುಗಳನ್ನು ಒಪ್ಪಂದದ ಹಿಂದೆ ಲಗತ್ತಾಗಿ ಹಾಕಿಸಿ. "ಆಮೇಲೆ ಕೊಡ್ತೀವಿ" ಅಂದ ಲೆಟರಿನಲ್ಲಿ "ರಾಜೀನಾಮೆ ಸ್ವೀಕರಿಸಲಾಗಿದೆ" ಅಂತ ಬಂದ ಉದಾಹರಣೆ ನನ್ನ ಫೈಲಿನಲ್ಲೇ ಎರಡಿವೆ.

ನಾನು ಒಪ್ಪುವ ಮೊದಲೇ ಅವರ ಲೆಕ್ಕದ ಹಣ ಖಾತೆಗೆ ಹಾಕಿಬಿಟ್ಟಿದ್ದಾರೆ. ವಾಪಸ್ ಕಳಿಸಬೇಕಾ?

ಬೇಡ. ಅವತ್ತೇ ಮೇಲ್ ಬರೆಯಿರಿ: "ಇಂಥ ಮೊತ್ತ ಬಂದಿದೆ. ಇದನ್ನು ನನಗೆ ಬರಬೇಕಾದ್ದರ ಭಾಗ ಎಂದು, ತಕರಾರಿಗೆ ಒಳಪಟ್ಟು ಇಟ್ಟುಕೊಂಡಿದ್ದೇನೆ. ಬಾಕಿ ಇಷ್ಟು." ತಿಂಗಳುಗಟ್ಟಲೆ ಸುಮ್ಮನಿದ್ದರೆ ಒಪ್ಪಿದ್ದಾರೆ ಅನ್ನುತ್ತಾರೆ.

ತೆರಿಗೆ ಎಷ್ಟು ಕಡಿಯುತ್ತಾರೆ?

ಇಲ್ಲಿಯೂ ಸಾಲುಗಳನ್ನು ಬೇರೆ ಮಾಡಿದ್ದರ ಲಾಭ ಕಾಣುತ್ತದೆ. ಕಾರ್ಮಿಕರಿಗೆ ಕಾನೂನಿನ ಲೆಕ್ಕದಂತೆ ಬಂದ ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ 5 ಲಕ್ಷದ ವರೆಗೆ ತೆರಿಗೆ ಇಲ್ಲ. ಗ್ರಾಚ್ಯುಟಿಗೆ 20 ಲಕ್ಷದ ವರೆಗೆ ಇಲ್ಲ. ಖಾಸಗಿ ಕೆಲಸದಿಂದ ಹೊರಬರುವಾಗ ಸಿಗುವ ರಜೆ ಹಣಕ್ಕೂ ವಿನಾಯಿತಿ ಇದೆ, ಮಿತಿಯೊಳಗೆ. ನೋಟಿಸ್ ಸಂಬಳ, ಎಕ್ಸ್‌ಗ್ರೇಷಿಯಾ ಎರಡೂ ಸಂಬಳದ ಹಾಗೆ ತೆರಿಗೆಗೆ ಬರುತ್ತವೆ. ಅಕ್ಕನ ಹಣವೆಲ್ಲ "ಎಕ್ಸ್‌ಗ್ರೇಷಿಯಾ" ಅನ್ನುವ ಒಂದೇ ಹೆಸರಿನಲ್ಲಿ ಬಂದಿದ್ದರೆ ಈ ವಿನಾಯಿತಿ ಕೇಳಲು ಆಧಾರವೇ ಇರುತ್ತಿರಲಿಲ್ಲ.

ಪತ್ರಕ್ಕೆ ಉತ್ತರವೇ ಬರದಿದ್ದರೆ ಎಲ್ಲಿಗೆ ಹೋಗಬೇಕು?

ಮೊದಲು ಎರಡನೇ ಪತ್ರ, ಅದೂ ಅಂಚೆಯಲ್ಲಿ ಸ್ವೀಕೃತಿ ಸಮೇತ. ಅದಕ್ಕೂ ಸದ್ದಿಲ್ಲದಿದ್ದರೆ ಕಾರವಾರದಲ್ಲಿ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ. ಅಲ್ಲಿ ಅರ್ಜಿ ಕೊಟ್ಟರೆ ಎರಡೂ ಕಡೆಯವರನ್ನು ಕರೆದು ಸಂಧಾನ ನಡೆಸುತ್ತಾರೆ. ಸಂಧಾನದಲ್ಲಿ 45 ದಿನದೊಳಗೆ ಮುಗಿಯದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷದ ಒಳಗೆ ಹೋಗಬೇಕು.

ವಕೀಲರ ಖರ್ಚಿಗೆ ಹೆದರಿ ಮನೆಯಲ್ಲೇ ಕೂತವರು ಬಹಳ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಕಾರವಾರದ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ ಇದೆ, ಶಿರಸಿಯವರಿಗೆ ಅಲ್ಲಿನ ಕೋರ್ಟಿನಲ್ಲೇ ತಾಲ್ಲೂಕು ಸಮಿತಿ. ಘಟ್ಟ ಇಳಿದು ಬರಬೇಕಾಗಿಲ್ಲ. ಹೋಗುವಾಗ ನೇಮಕಾತಿ ಪತ್ರ, ಮೂರು ಸ್ಯಾಲರಿ ಸ್ಲಿಪ್, ನೀವು ಕಳಿಸಿದ ಪತ್ರಗಳು, ಅವುಗಳಿಗೆ ಬಂದ ಉತ್ತರ, ಇಷ್ಟನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿಕೊಂಡು ಹೋಗಿ. ಉತ್ತರ ಬರದ ಕಡೆ ಒಂದು ಖಾಲಿ ಹಾಳೆಯಲ್ಲಿ "ಉತ್ತರ ಬಂದಿಲ್ಲ" ಅಂತ ಬರೆದು ನಡುವೆ ಇಡಿ. ಫೈಲ್ ತೆರೆದ ಅಧಿಕಾರಿಯ ಕಣ್ಣಿಗೆ ಮೊದಲು ಬೀಳುವುದು ಆ ಹಾಳೆಯೇ.